ಕೊರಿಯಾದ ನೋಂದಣಿ ನಮೂನೆಯಲ್ಲಿ ಎಲ್ಲಕ್ಕಿಂತ ಮೇಲಿರುವ ಚೌಕವನ್ನು ಮುಟ್ಟಬೇಡಿ

ರಾತ್ರಿ ಹತ್ತೂಮುಕ್ಕಾಲಕ್ಕೆ ಮೊಬೈಲ್ ಸದ್ದು ಮಾಡಿತು. ಊರಿನಿಂದ ಅಮ್ಮ ಇರಬೇಕೆಂದು ಎದ್ದು ನೋಡಿದರೆ, ಕುಕ್ಕರಿಗೆ ರಿಯಾಯಿತಿ ಎಂಬ ಸಂದೇಶ. ನಾನು ದಕ್ಷಿಣ ಕೊರಿಯಾದ ಸುವಾನ್‌ಗೆ ಬಂದು ಆಗಿನ್ನೂ ಮೂರು ವಾರವಾಗಿತ್ತು. ಅಕ್ಕಿ, ಬೇಳೆ ತರಿಸಲು ಒಂದು ಆನ್‌ಲೈನ್ ಮಳಿಗೆಯಲ್ಲಿ ಖಾತೆ ತೆರೆದಿದ್ದೆ. ಅದರ ಫಲ ಇದು. ಮುಂದಿನ ವಾರ ವಿಮೆ ಮಾರುವವರ ಕರೆಗಳೂ ಶುರುವಾದವು. ಕೊರಿಯನ್ ಭಾಷೆಯಲ್ಲಿ ಬಡಬಡನೆ ಮಾತಾಡುವ ಹೆಂಗಸಿಗೆ ನಾನು ಏನು ಹೇಳಲಿ? ಫೋನನ್ನು ಪಕ್ಕದ ಸಹೋದ್ಯೋಗಿಯ ಕೈಗಿತ್ತೆ. ನಂಬರ್ ಎಲ್ಲಿಂದ ಸಿಕ್ಕಿತೆಂದು ಅವರು ಕೇಳಿದ್ದಕ್ಕೆ ಬಂದ ಉತ್ತರ: ಖಾತೆ ತೆರೆಯುವಾಗ ನೀವೇ ಒಪ್ಪಿಗೆ ಕೊಟ್ಟಿದ್ದೀರಿ.

ಕೊಟ್ಟಿದ್ದೆ, ನಿಜ. ಹೇಗೆಂದು ಹೇಳುತ್ತೇನೆ.

ಇಲ್ಲಿನ ನಮೂನೆಗಳ ಕೊನೆಯಲ್ಲಿ ಒಪ್ಪಿಗೆಯ ಚೌಕಗಳ ಸಾಲು ಇರುತ್ತದೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ `전체 동의`, ಅಂದರೆ ಎಲ್ಲಕ್ಕೂ ಒಪ್ಪಿಗೆ. ಅದರ ಕೆಳಗಿನ ಪ್ರತಿ ಸಾಲಿನ ಆರಂಭದಲ್ಲಿ `[필수]` ಅಥವಾ `[선택]` ಎಂದಿರುತ್ತದೆ. ಮೊದಲನೆಯದು ಪಿಲ್ಸು, ಕಡ್ಡಾಯ. ಎರಡನೆಯದು ಸೊನ್‌ತೆಕ್, ಐಚ್ಛಿಕ. ನಾನು ಮುಗ್ಗರಿಸಿದ್ದು ಈ ಎರಡನೆಯ ಪದದಲ್ಲಿ. ಅದಕ್ಕೆ ‘ಆಯ್ಕೆ’ ಎಂಬ ಅರ್ಥವೂ ಇದೆ. ಬ್ರೌಸರ್ ಪುಟವನ್ನು ಅನುವಾದಿಸಿದಾಗ ಅದು ‘ಆಯ್ಕೆ ಮಾಡಿ’ ಎಂದು ತೋರಿಸಿತು. ಆಯ್ಕೆ ಮಾಡಿ ಎಂದಮೇಲೆ ಮಾಡಬೇಕಲ್ಲವೇ? ನಿಮಗೆ ಬಿಟ್ಟದ್ದು ಎಂದು ಹೇಳುವ ಪದವನ್ನು ಅಪ್ಪಣೆಯೆಂದು ಓದಿಕೊಂಡು, ಮೇಲಿನ ದೊಡ್ಡ ಚೌಕವನ್ನೇ ಒತ್ತಿಬಿಟ್ಟೆ. ಒಂದೇ ಏಟಿಗೆ ಏಳು ಚೌಕಗಳೂ ತುಂಬಿದವು.

ಆ ಏಳರಲ್ಲಿ ಕಡ್ಡಾಯವಾದವು ಮೂರೇ: ವಯಸ್ಸು ಹದಿನಾಲ್ಕು ತುಂಬಿದೆ ಎಂಬುದು, ಬಳಕೆಯ ನಿಯಮಗಳು, ಖಾತೆಗೆ ಬೇಕಾದ ವೈಯಕ್ತಿಕ ಮಾಹಿತಿಯ ಸಂಗ್ರಹ. ಉಳಿದ ನಾಲ್ಕೂ ಐಚ್ಛಿಕ. ಅವುಗಳಲ್ಲಿ ಒಂದರ ಹೆಸರು ಕಡ್ಡಾಯದ ಸಾಲಿನದೇ ಪಡಿಯಚ್ಚು: `개인정보 수집 및 이용 동의`, ವೈಯಕ್ತಿಕ ಮಾಹಿತಿಯ ಸಂಗ್ರಹ ಮತ್ತು ಬಳಕೆ. ಬೇರೆಯಾಗಿದ್ದದ್ದು ಸಾಲಿನ ಆರಂಭದ ಆವರಣದಲ್ಲಿರುವ ಪದ ಮಾತ್ರ. ಸಾಲನ್ನು ಬಿಡಿಸಿ, ಕೋಷ್ಟಕದಲ್ಲಿ ಉದ್ದೇಶ ಎಂಬ ಕಾಲಂ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಒಂದರಲ್ಲಿ ಸದಸ್ಯರ ಗುರುತು, ಇನ್ನೊಂದರಲ್ಲಿ ಜಾಹೀರಾತು. ಮತ್ತೊಂದು `마케팅 정보 수신 동의`, ಜಾಹೀರಾತು ಸಂದೇಶ ಪಡೆಯಲು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ ಜಾಹೀರಾತು ಸಂದೇಶ ಕಳುಹಿಸಲು ಇಲ್ಲಿನ ಕಾನೂನಿನಂತೆ ಪ್ರತ್ಯೇಕ ಒಪ್ಪಿಗೆ ಬೇಕು. ಅದಕ್ಕೂ `야간`, ಅಂದರೆ ರಾತ್ರಿ, ಎಂಬ ಪದವಿರುವ ಒಂದು ಚೌಕವಿತ್ತು, ಅದೂ ತುಂಬಿತ್ತು. ಕುಕ್ಕರಿನ ಸಂದೇಶ ಕಾನೂನುಬದ್ಧವಾಗಿಯೇ ಬಂದದ್ದು!

ಎಲ್ಲಕ್ಕಿಂತ ದುಬಾರಿಯಾದದ್ದು `제3자 제공`, ಮೂರನೆಯವರಿಗೆ ಮಾಹಿತಿ ಕೊಡುವ ಒಪ್ಪಿಗೆ. ವಿಮೆಯವರು ಬಂದದ್ದು ಆ ಬಾಗಿಲಿನಿಂದ. ಈ ಬಗೆಯ ವ್ಯಾಪಾರ ಇಲ್ಲಿ ಹೊಸದಲ್ಲ. ಹೋಮ್‌ಪ್ಲಸ್ ಎಂಬ ಮಳಿಗೆ ಸರಣಿ ಬಹುಮಾನದ ಚೀಟಿಗಳಲ್ಲಿ ಜನರ ಮಾಹಿತಿ ಸಂಗ್ರಹಿಸಿ ವಿಮಾ ಕಂಪನಿಗಳಿಗೆ ಮಾರಿತ್ತು. ಸೂಚನೆ ಇದ್ದದ್ದು ಸುಮಾರು ಒಂದು ಮಿಲಿಮೀಟರ್ ಅಕ್ಷರದಲ್ಲಿ. ಕೆಳ ನ್ಯಾಯಾಲಯಗಳು ಖುಲಾಸೆ ಮಾಡಿದ್ದನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ನನ್ನದು ಬೇರೆ ಮಳಿಗೆ, ಅಕ್ಷರವೂ ಓದುವಷ್ಟು ದೊಡ್ಡದಿತ್ತು. ಓದದವನು ನಾನು.

ಈಗ ನಾನು ಮಾಡುವುದು ಇಷ್ಟು. ಅನುವಾದವನ್ನು ಆಫ್ ಮಾಡಿ, ಮೂಲ ಪುಟದಲ್ಲಿ `필수` ಇರುವ ಸಾಲುಗಳಿಗೆ ಮಾತ್ರ ಒಂದೊಂದಾಗಿ ಗುರುತು ಹಾಕುತ್ತೇನೆ. ಬೂದು ಬಣ್ಣದ `다음` (ಮುಂದೆ) ಗುಂಡಿಗೆ ಬಣ್ಣ ಬಂದರೆ ಉಳಿದವು ಬೇಕಿಲ್ಲವೆಂದು ಅರ್ಥ. ಬಾರದಿದ್ದರೆ ಯಾವುದಾದರೂ ಕಡ್ಡಾಯದ ಸಾಲು ತಪ್ಪಿದೆಯೇ ಎಂದು ಮತ್ತೆ ನೋಡುತ್ತೇನೆ. ಐಚ್ಛಿಕಕ್ಕೆ ಒಪ್ಪಲಿಲ್ಲವೆಂದು ಸೇವೆ ನಿರಾಕರಿಸುವುದನ್ನು ಇಲ್ಲಿನ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ನಿಷೇಧಿಸಿದೆ. ಕೆಲವು ಕಡೆ ‘ಮುಂದೆ’ ಒತ್ತಿದ ಮೇಲೆ ಕೂಪನ್ ಕೈತಪ್ಪುತ್ತದೆ ಎಂದು ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಕಣ್ಣು ಕುಕ್ಕುವ ಗುಂಡಿ ಮತ್ತೆ `동의`, ಒಪ್ಪಿಗೆ. ಬೇಡ ಎನ್ನುವುದು ಕೆಳಗೆ ತೆಳು ಅಕ್ಷರದಲ್ಲಿರುತ್ತದೆ.

ಈಗಾಗಲೇ ಒತ್ತಿದ್ದರೆ ಬಿಡಿಸಿಕೊಳ್ಳುವುದು ಒಂದೇ ಕಡೆ ಮುಗಿಯುವುದಿಲ್ಲ. ಜಾಹೀರಾತು ಸಂದೇಶದ ತಲೆಯಲ್ಲಿ `(광고)`, ಅಂದರೆ ಜಾಹೀರಾತು, ಎಂದಿರುತ್ತದೆ. ಬುಡದಲ್ಲಿ `무료수신거부`, ಅಂದರೆ ಸಂದೇಶ ಬೇಡವೆಂದು ಉಚಿತವಾಗಿ ತಿಳಿಸಲು, ಎಂದು 080ರಿಂದ ಆರಂಭವಾಗುವ ಉಚಿತ ನಂಬರ್ ಇರುತ್ತದೆ. ಅದಕ್ಕೆ ಕರೆ ಮಾಡಿದೆ, ಎಸ್‌ಎಂಎಸ್ ನಿಂತಿತು. ಇಮೇಲ್ ಮತ್ತು ಆ್ಯಪ್ ಸೂಚನೆಗಳು ನಿಲ್ಲಲಿಲ್ಲ. ಅವನ್ನು ಖಾತೆಯ ಸದಸ್ಯ ಮಾಹಿತಿ ಪುಟದಲ್ಲಿ ಬೇರೆಯಾಗಿ ತೆಗೆಯಬೇಕಾಯಿತು. ಮೂರನೆಯವರಿಗೆ ಕೊಟ್ಟ ಒಪ್ಪಿಗೆಯ ಗುರುತು ಆ ಪುಟದಲ್ಲಿ ಇರಲೇ ಇಲ್ಲ. ಸಹೋದ್ಯೋಗಿ ಗ್ರಾಹಕ ಕೇಂದ್ರಕ್ಕೆ ಕರೆ ಮಾಡಿ ಹಿಂಪಡೆಸಿದರು. ಅಷ್ಟರಲ್ಲಿ ವಿಮಾ ಕಂಪನಿಯ ಕೈಸೇರಿದ್ದ ನಂಬರನ್ನು ಅಳಿಸಲು ಆ ಕಂಪನಿಗೇ ಇನ್ನೊಂದು ಕರೆ ಬೇಕಾಯಿತು.

ಆ ಮಳಿಗೆಯಿಂದ ಈಗಲೂ ಅಕ್ಕಿ ತರಿಸುತ್ತೇನೆ. ಆ್ಯಪ್ ತೆರೆದಾಗಲೆಲ್ಲ ಕೂಪನ್ನಿನ ಕಿಟಕಿ ಎದುರಾಗುತ್ತದೆ. ಮುಚ್ಚುವ ಗುಂಡಿ ಅದರ ಎಡ ಮೂಲೆಯಲ್ಲಿ, ಬೂದು ಬಣ್ಣದಲ್ಲಿದೆ.