ಐದನೇ ತಿಂಗಳ ಪ್ರವಾಸಕ್ಕೆ ಚಿಕ್ಕಮಗಳೂರಿನ ತೋಟದ ಮನೆಯೋ, ಮೈಸೂರೋ?

ತುಮಕೂರಿನಿಂದ ಬೇಬಿಮೂನ್‌ಗೆ ಹೊರಡಬೇಕೆಂದಿರುವ ದಂಪತಿಗಳು ಕೇಳಿದರೆ ನಾನು ಮೈಸೂರನ್ನೇ ಹೇಳುತ್ತೇನೆ. ಈ ಬಸಿರಿನಲ್ಲಿ ಮೊದಲು ಚಿಕ್ಕಮಗಳೂರಿನ ಕಾಫಿ ತೋಟದ ಒಂದು ಹೋಂಸ್ಟೇಗೆ, ಆಮೇಲೆ ಮೈಸೂರಿಗೆ ಹೋಗಿ ಉಳಿದು ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ. ತೋಟದ ಗಾಳಿ, ಹಸಿರು, ನಿಶ್ಶಬ್ದ ಇವುಗಳಲ್ಲಿ ಚಿಕ್ಕಮಗಳೂರಿಗೆ ಸಾಟಿಯಿಲ್ಲ. ಆದರೆ ಹೊಟ್ಟೆ ಮುಂದೆ ಬಂದಿರುವ ಹೆಂಗಸಿಗೆ ಬೇಕಾದ ನೆಮ್ಮದಿ ಬೇರೆಯೇ, ಅದು ನನಗೆ ಸಿಕ್ಕಿದ್ದು ಮೈಸೂರಿನಲ್ಲಿ.

ಊರಿಗಿಂತ ಮೊದಲು ವಾರಗಳನ್ನು ಗೊತ್ತುಮಾಡಿಕೊಳ್ಳಬೇಕು. ವೈದ್ಯರು ಸಾಮಾನ್ಯವಾಗಿ 14ರಿಂದ 28ನೇ ವಾರದವರೆಗಿನ ಅವಧಿಯನ್ನು ಪ್ರಯಾಣಕ್ಕೆ ಹಿತವೆನ್ನುತ್ತಾರೆ, ಏಕೆಂದರೆ ಅಷ್ಟರಲ್ಲಿ ಹೆಚ್ಚಿನವರಿಗೆ ವಾಂತಿ, ಸುಸ್ತು ಕಡಿಮೆಯಾಗಿರುತ್ತದೆ, ಹೊಟ್ಟೆಯ ಭಾರವೂ ಓಡಾಟಕ್ಕೆ ಅಡ್ಡಿಯಾಗುವಷ್ಟು ಬೆಳೆದಿರುವುದಿಲ್ಲ. ಅದರೊಳಗೂ ಐದನೇ ತಿಂಗಳ ಸ್ಕ್ಯಾನ್ ಮುಗಿದ ಮೇಲೆ, ಅಂದರೆ 20ರಿಂದ 24ನೇ ವಾರದ ನಡುವೆ ಹೊರಡುವುದು ನನ್ನ ಮಟ್ಟಿಗೆ ಸರಿಯೆನಿಸಿತು. ಮಾಸು ಗರ್ಭಕೋಶದ ಬಾಯಿಯ ಹತ್ತಿರ ಕೆಳಗೆ ಕುಳಿತಿದೆಯೇ ಎಂಬುದು ಆ ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಹಾಗಿದ್ದರೆ, ಅಥವಾ ರಕ್ತಸ್ರಾವ, ಬಿ.ಪಿ., ಅವಳಿ ಮಕ್ಕಳು ಇದ್ದರೆ, ವೈದ್ಯರು ಒಪ್ಪದೆ ಹೊರಡಕೂಡದು.

ನಮ್ಮ ಲೆಕ್ಕ ಹೀಗಿತ್ತು. ಕೊನೆಯ ಮುಟ್ಟಿನ ಮೊದಲ ದಿನ ಜುಲೈ 10. ಅದರಂತೆ 20 ವಾರ ತುಂಬುವುದು ನವೆಂಬರ್ 27ಕ್ಕೆ, 24 ವಾರ ತುಂಬುವುದು ಡಿಸೆಂಬರ್ 25ಕ್ಕೆ. ಕ್ರಿಸ್‌ಮಸ್ ರಜೆಯಲ್ಲಿ ಮೈಸೂರೂ ಚಿಕ್ಕಮಗಳೂರೂ ಜನರಿಂದ ತುಂಬಿಹೋಗುವುದರಿಂದ ಆ ವಾರವನ್ನು ಬಿಟ್ಟು, ಅದಕ್ಕೆ ಮೊದಲು, ಶನಿವಾರ ಭಾನುವಾರಗಳನ್ನು ತಪ್ಪಿಸಿ ಹೊರಟೆವು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳುಹಿಸುವ ಪದ್ಧತಿ ನಮ್ಮ ಮನೆಯಲ್ಲಿದೆ. ಅದಕ್ಕೂ ಮೊದಲೇ ಪ್ರವಾಸ ಮುಗಿಯುವುದರಿಂದ ಅತ್ತೆಯವರೂ ಒಪ್ಪಿದರು.

ಚಿಕ್ಕಮಗಳೂರಿಗೆ ತಿಪಟೂರು, ಅರಸೀಕೆರೆ, ಕಡೂರಿನ ಮೇಲೆ ಸುಮಾರು 180 ಕಿಲೋಮೀಟರ್. ಆ ಹೆದ್ದಾರಿಯ ಬಗ್ಗೆ ನನ್ನ ದೂರೇನೂ ಇಲ್ಲ. ತೊಂದರೆಯೆಲ್ಲ ಇದ್ದದ್ದು ಟಾರು ರಸ್ತೆ ಮುಗಿದು ತೋಟದೊಳಗೆ ತಿರುಗಿದ ಮೇಲಿನ ಕೊನೆಯ ಕೆಲವು ಕಿಲೋಮೀಟರಿನಲ್ಲಿ.

ಕಾಯ್ದಿರಿಸುವಾಗ ಹೋಂಸ್ಟೇಯವರು ಕಾರು ಬಾಗಿಲವರೆಗೂ ಬರುತ್ತದೆ ಎಂದಿದ್ದರು. ಹೋಗಿ ನೋಡಿದರೆ ಮಳೆಗಾಲದ ನೀರು ಕೊರೆದ ಮಣ್ಣಿನ ದಾರಿ, ನಡುವೆ ಎದ್ದುನಿಂತ ಕಲ್ಲುಗಳು. ಕಾರಿನ ತಳ ತಾಗತೊಡಗಿದಾಗ ಅವರು ಜೀಪು ಕಳುಹಿಸಿದರು. ಜೀಪು ಹತ್ತುವುದೇ ಒಂದು ಕಷ್ಟ. ಅದರ ಹಿಂಬದಿಯ ಉದ್ದ ಸೀಟಿನಲ್ಲಿ ಬೆನ್ನಿಗೆ ಆಸರೆಯಿಲ್ಲ, ಸೀಟ್ ಬೆಲ್ಟ್ ಇಲ್ಲ, ಪ್ರತಿ ಕುಲುಕಿಗೂ ಒಂದು ಕೈಯಿಂದ ಕಂಬಿಯನ್ನೂ ಇನ್ನೊಂದರಿಂದ ಹೊಟ್ಟೆಯನ್ನೂ ಹಿಡಿದುಕೊಳ್ಳಬೇಕು. ಆರೋಗ್ಯವಾಗಿರುವ ಬಸಿರಿಗೆ ರಸ್ತೆಯ ಕುಲುಕಾಟದಿಂದಲೇ ಅಪಾಯವಾಗುವುದಿಲ್ಲ ಎಂದು ನಮ್ಮ ವೈದ್ಯೆ ಮೊದಲೇ ಹೇಳಿದ್ದರಿಂದ ಧೈರ್ಯ ಉಳಿಯಿತು. ಆದರೆ ಕೋಣೆ ತಲುಪುವ ಹೊತ್ತಿಗೆ ಬಲಗಡೆಯ ತೊಡೆಸಂದಿಯಲ್ಲಿ ಚಳಕು ಹಿಡಿದು ನೆಟ್ಟಗೆ ನಿಲ್ಲಲಾಗಲಿಲ್ಲ. ಗರ್ಭಕೋಶ ದೊಡ್ಡದಾದಂತೆ ಅದನ್ನು ಎರಡೂ ಬದಿ ಹಿಡಿದಿರುವ ತಂತುಗಳು ಹಿಗ್ಗಿರುತ್ತವೆ, ಒಮ್ಮೆಲೇ ಎಳೆತ ಬಿದ್ದಾಗ ಹೀಗೆ ನೋಯುತ್ತದೆ. ಎಡಮಗ್ಗುಲಿಗೆ ಮಲಗಿ ಸುಧಾರಿಸಿಕೊಂಡಾಗ ನೋವು ಇಳಿಯಿತು. ಹಾಗೆ ಇಳಿಯದೆ ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗತೊಡಗಿದರೆ, ರಕ್ತ ಕಂಡರೆ, ನೀರು ಹೋದರೆ, ಆಗ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು.

ನನ್ನ ನಿದ್ದೆ ಕೆಡಿಸಿದ್ದು ಈ ಕೊನೆಯ ಮಾತೇ. ರಾತ್ರಿ ಏನಾದರೂ ಆದರೆ ಮೊದಲು ಜೀಪಿನವರನ್ನು ಎಬ್ಬಿಸಬೇಕು, ಅದೇ ದಾರಿಯಲ್ಲಿ ಇಳಿಯಬೇಕು, ಅಲ್ಲಿಂದ ಘಟ್ಟದ ತಿರುವುಗಳಲ್ಲಿ ಚಿಕ್ಕಮಗಳೂರು ಪಟ್ಟಣ ಸೇರಬೇಕು. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಊಟದ ಮನೆಗೂ ನಮ್ಮ ಕೋಣೆಗೂ ನಡುವೆ ಇಬ್ಬನಿಯಲ್ಲಿ ಜಾರುವ ಕಲ್ಲಿನ ಮೆಟ್ಟಿಲುಗಳಿದ್ದವು. ಬಸಿರಿನಲ್ಲಿ ದೇಹದ ತೂಕ ಮುಂದಕ್ಕೆ ವಾಲುವುದರಿಂದ ಕಾಲು ಜಾರುವ ಭಯ ಹೆಚ್ಚು. ಹಣ್ಣು ಬಿಡಿಸುತ್ತಿದ್ದ ತೋಟವನ್ನು ಸುತ್ತಿ ನೋಡುವ ಆಸೆಯಿತ್ತು, ಆದರೆ ಜಗಲಿಯಲ್ಲೇ ಕುಳಿತಿದ್ದು ಒಂದು ದಿನ ಮೊದಲೇ ಹೊರಟುಬಂದೆವು. ಉಳಿದ ರಾತ್ರಿಯ ಹಣ ಹಿಂದಿರುಗಲಿಲ್ಲ.

ಆದರೂ ತೋಟದ ಮನೆಯೇ ಬೇಕೆನ್ನುವವರು ಕಾರು ಬರುತ್ತದೆಯೇ ಎಂದು ಕೇಳುವುದರ ಬದಲು, ಟಾರು ರಸ್ತೆಯಿಂದ ಕೋಣೆಯ ಬಾಗಿಲವರೆಗಿನ ದಾರಿಯನ್ನು ವಾಹನದೊಳಗಿಂದ ವಿಡಿಯೊ ಮಾಡಿ ಕಳುಹಿಸುವಂತೆ ಕೇಳಬೇಕು. ರಾತ್ರಿ ಹೆರಿಗೆ ವೈದ್ಯರು ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ಹಾದಿ ಎಂಬುದನ್ನೂ ಕೇಳಬೇಕು. ಮ್ಯಾಪಿನಲ್ಲಿ ಕಾಣುವ ಕಿಲೋಮೀಟರಿನಿಂದ ಇವೆರಡೂ ತಿಳಿಯುವುದಿಲ್ಲ.

ಮೈಸೂರಿಗೆ ಕುಣಿಗಲ್, ಹುಲಿಯೂರುದುರ್ಗ, ಮದ್ದೂರಿನ ಮೇಲೆ ಸುಮಾರು 150 ಕಿಲೋಮೀಟರ್. ಗಂಟೆ, ಗಂಟೂವರೆಗೊಮ್ಮೆ ಕಾರು ನಿಲ್ಲಿಸಿ ಐದು ಹತ್ತು ನಿಮಿಷ ನಡೆದಾಡಿದೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುವುದರಿಂದ ಕಾಲು ಮಡಚಿ ಬಹಳ ಹೊತ್ತು ಕೂರಬಾರದು. ಶೌಚಕ್ಕೆ ಮದ್ದೂರಿನ ಹೋಟೆಲುಗಳಲ್ಲಿ ಅನುಕೂಲವಿತ್ತು. ಸೀಟ್ ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಮೇಲೆ ಹಾಯಿಸದೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಕೂರುವಂತೆ ಕಟ್ಟಿಕೊಂಡೆ.

ಅಲ್ಲಿ ಲಿಫ್ಟ್ ಇದ್ದ ಸಾಧಾರಣ ಹೋಟೆಲಿನಲ್ಲಿ ಉಳಿದೆವು. ದಿನಕ್ಕೆ ಒಂದೇ ಜಾಗ, ಅದೂ ಬೆಳಗ್ಗೆ. ಮಧ್ಯಾಹ್ನ ಊಟ ಮಾಡಿ ನಿದ್ದೆ. ಸಂಜೆ ಮನಸ್ಸಾದರೆ ಮಾತ್ರ ಹೊರಗೆ ಎಂದು ನನ್ನ ಯಜಮಾನರು ಮೊದಲೇ ಗೊತ್ತುಮಾಡಿದ್ದರು. ಕುಕ್ಕರಹಳ್ಳಿ ಕೆರೆಯ ದಂಡೆ ಸಮತಟ್ಟಾಗಿದ್ದು, ಸಾಕೆನಿಸಿದ ಕಡೆಯಿಂದ ಹಿಂದಿರುಗಬಹುದು. ಮೃಗಾಲಯದಲ್ಲಿ ಬ್ಯಾಟರಿ ವಾಹನವಿದೆ, ಮಂಗಳವಾರ ಮಾತ್ರ ರಜೆ. ಚಾಮುಂಡಿ ಬೆಟ್ಟದ ಮೇಲಕ್ಕೇ ಕಾರು ಹೋಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಹಕ್ಕಿಗಳ ನಡುವೆ ನಿಧಾನವಾಗಿ ಸಾಗಿದ ಆ ಬೆಳಗು ನನಗೆ ತೋಟದಲ್ಲಿ ಸಿಗದ ಶಾಂತಿಯನ್ನು ಕೊಟ್ಟಿತು. ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ವರದಿ ಸದಾ ಕೈಚೀಲದಲ್ಲಿದ್ದವು. ಚೆಲುವಾಂಬ ಆಸ್ಪತ್ರೆ ಊರಿನ ನಡುವೆಯೇ ಇದೆ ಎಂಬ ತಿಳಿವಳಿಕೆಯೊಂದೇ ರಾತ್ರಿ ಚೆನ್ನಾಗಿ ನಿದ್ದೆ ಮಾಡಲು ಸಾಕಾಯಿತು.

ಖರ್ಚಿನಲ್ಲೂ ಮೈಸೂರೇ ನಮಗೆ ಹೊಂದಿತು. ಹೋಂಸ್ಟೇಯಲ್ಲಿ ತಲೆಗಿಷ್ಟೆಂದು ಊಟ ಸೇರಿಸಿ ತೆಗೆದುಕೊಳ್ಳುತ್ತಾರೆ, ಆ ಖಾರದ ಊಟ ನನಗೆ ಎದೆಯುರಿ ತಂದರೂ ಕೊಡುವ ಹಣ ಅಷ್ಟೇ; ಹೋಟೆಲಿನಲ್ಲಿ ಕೋಣೆಯ ಬಾಡಿಗೆ ಕೊಟ್ಟು ಇಡ್ಲಿಯೋ ಮೊಸರನ್ನವೋ ಬೇಕಾದಷ್ಟು ತಿನ್ನಬಹುದು. ಹಿಂದಿನ ದಿನದವರೆಗೆ ರದ್ದುಮಾಡಿದರೆ ಹಣ ಮರಳುವ ಕೋಣೆಯನ್ನೇ ಆರಿಸಿದ್ದೆವು.

ನಂದಿ ಬೆಟ್ಟ ಬೆಳಗ್ಗೆ ಹೋಗಿ ಸಂಜೆ ಮರಳಲು ಚೆನ್ನ, ವಾರದ ದಿನವಾಗಿದ್ದರೆ ಮಾತ್ರ. ದೇವರಾಯನದುರ್ಗ ಮನೆಯಂಗಳದಂತೆಯೇ ಇರುವುದರಿಂದ ಅದನ್ನು ಪ್ರವಾಸವೆಂದು ನಾನು ಎಣಿಸಲಿಲ್ಲ.

ನಿಮ್ಮ 20ರಿಂದ 24ನೇ ವಾರ ಜೂನ್, ಜುಲೈ ತಿಂಗಳಲ್ಲಿ ಬಿದ್ದರೆ ಮಲೆನಾಡಿನ ಮಳೆ, ಜಿಗಣೆ, ಜಾರುವ ದಾರಿಗಳ ಕಾರಣಕ್ಕೆ ತೋಟದ ಮನೆಯನ್ನು ಕೈಬಿಡಿ. ಮೈಸೂರಿನಲ್ಲಿ ಆಗ ಮಳೆ ಅಷ್ಟಾಗಿ ಕಾಡುವುದಿಲ್ಲ. ಏಪ್ರಿಲ್‌ನಲ್ಲಿ ಬಿದ್ದರೆ ಮೈಸೂರೂ ಬಿಸಿಯಾಗಿರುತ್ತದೆ. ಆಗ ಎ.ಸಿ. ಕೋಣೆಗೆ ಸ್ವಲ್ಪ ಹೆಚ್ಚು ಕೊಟ್ಟು, ಸುತ್ತಾಟವನ್ನು ಬೆಳಗಿನ ಒಂಬತ್ತರೊಳಗೆ ಮುಗಿಸಿ, ಬಿಸಿಲು ಇಳಿಯುವವರೆಗೆ ಕೋಣೆಯಲ್ಲೇ ಇರಿ.