ವಿಡಿಯೋ ಸೇವ್ ಮಾಡಿಸೋಕೆ ಕೊಡ್ತಿದ್ದೀರಾ? ಮೊದಲು .info.json ಕೇಳಿ, ಆಮೇಲೆ ದುಡ್ಡು ಕೊಡಿ

ಕೊಡಗಿನಲ್ಲಿ ಯಾರಾದರೂ ಹಳೆ ಯೂಟ್ಯೂಬ್ ವಿಡಿಯೋಗಳನ್ನು ಪೆನ್ ಡ್ರೈವ್‌ಗೆ ಹಾಕಿಸೋಕೆ ಅಂಗಡಿಗೆ ಕೊಡೋ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಹಿಂದೆಮುಂದೆ ಆದರೆ ಕ್ಷಮಿಸಿ.

ನಮ್ಮ ಒಕ್ಕದ ಒಂದು ಚಾನೆಲ್ ಇತ್ತು. ಐನ್‌ಮನೆಯ ಹುತ್ತರಿ, ಕೈಲ್ ಪೊಳ್ದ್, ಮದುವೆಗಳು, ದುಡಿ ಹಿಡಿದು ಹಾಡುವ ಹಿರಿಯರು, ಎಲ್ಲ ಅದರಲ್ಲಿತ್ತು. ನಡೆಸುತ್ತಿದ್ದ ಹುಡುಗ ಗಲ್ಫ್‌ಗೆ ಹೋದ. ಅವನ ಹಳೆ ಸಿಮ್ ಹೋಯ್ತು, ಪಾಸ್‌ವರ್ಡೂ ಹೋಯ್ತು. ಪಾಸ್‌ವರ್ಡ್ ಇದ್ದಿದ್ದರೆ ಗೂಗಲ್ ಟೇಕ್‌ಔಟ್‌ನಲ್ಲೇ ಎಲ್ಲ ಇಳಿಸಿಕೊಳ್ಳಬಹುದಿತ್ತು. ಮದುವೆ ವಿಡಿಯೋಗಳಲ್ಲಿ ಸಿನಿಮಾ ಹಾಡು ಇತ್ತು ಅಂತ ಎರಡು ಕಾಪಿರೈಟ್ ಸ್ಟ್ರೈಕ್ ಬೇರೆ ಬಿದ್ದಿತ್ತು. ಮೂರನೆಯದು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹಾಗಾಗಿ ಎಲ್ಲರಿಂದ ದುಡ್ಡು ಸೇರಿಸಿ ಗೋಣಿಕೊಪ್ಪದ ಒಂದು ಅಂಗಡಿಗೆ ಕೊಟ್ಟೆ. ಬಾಯಿ ಬಿಟ್ಟು ಹೇಳಿದ್ದೆ: ಹೆಸರು, ಕೆಳಗೆ ಬರೆದಿರೋ ವಿವರ, ಹಾಕಿದ ತಾರೀಕು, ಮೂರೂ ಬೇಕು. ಅವನು "ಒರಿಜಿನಲ್ ಹೇಗಿದೆಯೋ ಹಾಗೇ ಬರ್ತದೆ ಸಾರ್, ಟೆನ್ಷನ್ ಬೇಡ" ಅಂದ. ಬಿಲ್ಲಿನಲ್ಲೂ 'ವಿವರ ಸಮೇತ' ಅಂತ ಬರೆದ. ಅದಕ್ಕೆ ಬೇರೆ ಜಾಸ್ತಿ ದುಡ್ಡು.

ಪೆನ್ ಡ್ರೈವ್ ಬಂತು. ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಟಿವಿಗೆ ಹಾಕಿದೆ. 001.mp4, 002.mp4, 003.mp4... ಇನ್ನೂರು ಚಿಲ್ಲರೆ ಫೈಲುಗಳು, ಬರೀ ನಂಬರು. ದೊಡ್ಡಪ್ಪ "ನಿನ್ನ ಅಜ್ಜ ಹಾಡಿದ ವರ್ಷದ್ದು ಹಾಕೋ" ಅಂದರು. ಯಾವುದನ್ನು ಹಾಕಲಿ? ಹುತ್ತರಿ ವಿಡಿಯೋ ನೋಡಿದವರಿಗೆ ಗೊತ್ತು. ಅದೇ ಗದ್ದೆ, ಅದೇ ಕತ್ತಲು, ಅದೇ ಕುಪ್ಯ, ಕದಿರು ಕೊಯ್ಯುವಾಗ ಅದೇ "ಪೊಲಿ ಪೊಲಿ ದೇವಾ". 2012ಕ್ಕೂ 2015ಕ್ಕೂ ಏನು ವ್ಯತ್ಯಾಸ ಹೇಳ್ತೀರಿ? ಅದನ್ನು ಹೇಳುತ್ತಿದ್ದದ್ದು ಕೆಳಗಿನ ವಿವರ. ಯಾರು ಹಾಡಿದ್ದು, ದುಡಿ ಯಾರ ಕೈಲಿತ್ತು, ಯಾವ ಗದ್ದೆ, ಎಲ್ಲ ಆ ಹುಡುಗ ಪ್ರತಿ ವಿಡಿಯೋದ ಕೆಳಗೂ ಬರೆದಿದ್ದ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ದುಡ್ಡು ಸೇರಿಸಿದವನು ನಾನೇ ಅಲ್ವಾ.

ಮರುದಿನ ಅಂಗಡಿಗೆ ಹೋದೆ. ಅವನ ಮೊದಲ ಮಾತು: "ವಿಡಿಯೋ ಪ್ಲೇ ಆಗ್ತದಲ್ಲ ಸಾರ್? ಮತ್ತೇನು?"

ತಾರೀಕು ಎಲ್ಲಪ್ಪ ಅಂದೆ. ಪ್ರಾಪರ್ಟೀಸ್ ತೆಗೆದು 'ಡೇಟ್ ಮಾಡಿಫೈಡ್' ತೋರಿಸಿದ. ಎಲ್ಲದಕ್ಕೂ ಅವನು ಕಾಪಿ ಮಾಡಿದ ವಾರದ ತಾರೀಕು! ಫೈಲಿನ ಆ ತಾರೀಕಿಗೂ ಯೂಟ್ಯೂಬ್‌ಗೆ ಹಾಕಿದ ತಾರೀಕಿಗೂ ಸಂಬಂಧವೇ ಇಲ್ಲ. ಅಷ್ಟು ಗೊತ್ತಿಲ್ಲದವನು ಈ ಕೆಲಸ ಯಾಕೆ ಹಿಡಿಯಬೇಕು?

ಆದರೆ ಹೊಟ್ಟೆ ಉರಿಸಿದ್ದು ಮುಂದಿನ ಮಾತು. ಅವನು ಇಳಿಸಿದ್ದು yt-dlp ಅನ್ನೋ ಪ್ರೋಗ್ರಾಂನಲ್ಲಿ. ಸರಿಯಾದ ಸಾಧನವೇ. ಪ್ರತಿ ವಿಡಿಯೋ ಜೊತೆ ಒಂದು .info.json ಫೈಲೂ ಬಂದಿತ್ತಂತೆ. ಪೂರ್ತಿ ಹೆಸರು, ಪೂರ್ತಿ ವಿವರ, ಹಾಕಿದ ತಾರೀಕು, ವಿಡಿಯೋದ 11 ಅಕ್ಷರದ ಐಡಿ, ಎಲ್ಲ ಅದರೊಳಗೇ ಇರುತ್ತದೆ. "ಆ ಸಣ್ಣ ಸಣ್ಣ ಫೈಲಾ? ಅದು ವೇಸ್ಟ್ ಸಾರ್, ಟಿವಿಲಿ ಓಪನ್ ಆಗಲ್ಲ. ಕ್ಲೀನ್ ಮಾಡಿ ಕೊಟ್ಟಿದ್ದೀನಿ" ಅಂದ. ಕ್ಲೀನ್! ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ. ಕೈಗೆ ಬಂದಿದ್ದನ್ನು ಕಸ ಅಂತ ಗುಡಿಸಿ, ಗುಡಿಸಿದ್ದಕ್ಕೆ ಕೂಲಿ ತಗೊಂಡ.

ಹೆಸರು ಯಾಕೆ ತೆಗೆದೆ ಅಂದರೆ "ಕನ್ನಡ ಹೆಸರು ಎರರ್ ಕೊಡ್ತದೆ" ಅಂದ. ಇದು ಅರ್ಧ ನಿಜ, ಅದಕ್ಕೇ ಬಿಡಿಸಿ ಹೇಳ್ತೀನಿ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತು ಕೊಡುವ ಚಿಹ್ನೆ, ಒಂದೊಂದಕ್ಕೂ ಮೂರು ಬೈಟ್. 'ಹುತ್ತರಿ' ಅನ್ನೋದಕ್ಕೇ 21 ಬೈಟ್ ಆಯ್ತು. ಯೂಟ್ಯೂಬ್ ಹೆಸರು 100 ಚಿಹ್ನೆಯವರೆಗೂ ಇರಬಹುದು. ಕನ್ನಡದಲ್ಲಿ ಅಷ್ಟುದ್ದ ಬರೆದರೆ 300 ಬೈಟ್ ಹತ್ತಿರ ಬರುತ್ತದೆ, ಆಗ 'File name too long' ಅಂತ ನಿಲ್ಲುತ್ತದೆ. ಇದಕ್ಕೆ ಮದ್ದು ಹೆಸರನ್ನು ಇಷ್ಟು ಬೈಟಿಗೆ ಕತ್ತರಿಸು ಅಂತ ಹೇಳೋದು. ಫೈಲಿನ ಮೇಲೆ ತುಂಡಾದರೂ ಪೂರ್ತಿ ಹೆಸರು .info.json ಒಳಗೆ ಇದ್ದೇ ಇರುತ್ತದೆ. ಕೆಲವರು `--restrict-filenames` ಹಾಕ್ತಾರೆ, ಅದನ್ನಂತೂ ಹಾಕಿಸಬೇಡಿ. ಇಂಗ್ಲಿಷ್ ಅಲ್ಲದ ಅಕ್ಷರವನ್ನೆಲ್ಲ ತೆಗೆದುಬಿಡುತ್ತದೆ, ಕನ್ನಡ ಹೆಸರಿದ್ದ ಕಡೆ ಬರೀ ಅಡ್ಡಗೆರೆ ಉಳಿಯುತ್ತದೆ.

ಆಮೇಲೆ ನನ್ನ ತಂಗಿ ಮಗ ಕೂತು ಬರೆದುಕೊಟ್ಟಿದ್ದು ಇಷ್ಟೇ. ಕೊನೆಯಲ್ಲಿ ನಿಮ್ಮ ಚಾನೆಲ್ ಲಿಂಕ್ ಹಾಕಬೇಕು:

```
yt-dlp --write-info-json --write-description --embed-metadata -o "%(upload_date)s %(title).150B [%(id)s].%(ext)s" "ಚಾನೆಲ್ ಲಿಂಕ್"
```

ತಾರೀಕು ಫೈಲ್ ಹೆಸರಿನ ಮುಂದೆಯೇ ಬರುತ್ತದೆ, ವರ್ಷದ ಪ್ರಕಾರ ತಾನಾಗಿ ಜೋಡಣೆ ಆಗುತ್ತದೆ. ವಿವರ ಬೇರೆ .description ಫೈಲಿನಲ್ಲಿ ಬರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆಗೆದು ಓದಬಹುದು. `--embed-metadata` ಇದ್ದರೆ ಹೆಸರು, ತಾರೀಕು, ವಿವರ ವಿಡಿಯೋ ಒಳಗೂ ಸೇರುತ್ತದೆ. ನಾಳೆ ಯಾರೋ ಪುಣ್ಯಾತ್ಮ ಫೈಲಿನ ಹೆಸರು ಬದಲಿಸಿದರೂ ಅದು ಒಳಗೆ ಉಳಿದಿರುತ್ತದೆ. ನಮ್ಮವನು ಅದನ್ನೂ ಹಾಕಿರಲಿಲ್ಲ. ಅಂಗಡಿಯಲ್ಲೇ ನಿಂತು ನೋಡಬಹುದು: ವಿಡಿಯೋವನ್ನು ವಿಎಲ್‌ಸಿಯಲ್ಲಿ ತೆಗೆದು Ctrl+I ಒತ್ತಿ. ಹೆಸರು, ತಾರೀಕು, ವಿವರ ಕಾಣಬೇಕು. ನಮ್ಮದರಲ್ಲಿ ಎಲ್ಲ ಖಾಲಿ.

ತಾರೀಕಿನ ವಿಷಯದಲ್ಲಿ ಇನ್ನೊಂದು. ಆ `upload_date` ನಮ್ಮ ಗಡಿಯಾರದ್ದಲ್ಲ, ಯುಟಿಸಿ ಲೆಕ್ಕ, ನಮಗಿಂತ ಐದೂವರೆ ಗಂಟೆ ಹಿಂದೆ. ಹುತ್ತರಿ ಮುಗಿಸಿ ರಾತ್ರಿ 2 ಗಂಟೆಗೆ ಹಾಕಿದ ವಿಡಿಯೋಗೆ ಹಿಂದಿನ ದಿನದ ತಾರೀಕು ಬರುತ್ತದೆ. ಅದು ತಪ್ಪಲ್ಲ, ಗಾಬರಿ ಬೇಡ. ಇನ್ನು ಹಾಕಿದ ದಿನವೇ ತೆಗೆದ ದಿನ ಅಂತಲೂ ಇಲ್ಲ. 2018ರ ಆಗಸ್ಟ್ ಮಳೆಯ ವಿಡಿಯೋಗಳನ್ನು ನಮ್ಮ ಹುಡುಗ ಎಷ್ಟೋ ದಿನ ಬಿಟ್ಟು ಹಾಕಿದ್ದ, ಕರೆಂಟು ನೆಟ್‌ವರ್ಕು ಎಲ್ಲಿತ್ತು ಆಗ? ತೆಗೆದ ದಿನವನ್ನು ವಿವರದಲ್ಲಿ ಬರೆದಿದ್ದ. ಆ ವಿವರವೇ ಹೋಯ್ತಲ್ಲ!

ಮತ್ತೆ ಇಳಿಸಿಕೊಡು ಅಂದೆ. "ನಾಳೆ ಬನ್ನಿ ಸಾರ್", "ಹುಡುಗ ರಜಾ ಇದ್ದಾನೆ ಸಾರ್". ನಾನೂ ಕಾಫಿ ಕೊಯ್ಲಿನ ನಡುವೆ ಎಷ್ಟು ಸಲ ಓಡಾಡಲಿ? ವಿಡಿಯೋ ಬೇಡ, ಬರೀ ವಿವರ ಸಾಕು ಅಂದರೆ `--skip-download --write-info-json` ಅಂತ ಹಾಕಿದರೆ ಮುಗೀತು, ಸಣ್ಣ ಫೈಲುಗಳು ಮಾತ್ರ ಬರುತ್ತವೆ. ಚಾನೆಲ್ ಇದ್ದಾಗ ಮಾತ್ರ. ಇವನು ನಾಳೆ ನಾಳೆ ಅನ್ನುವಷ್ಟರಲ್ಲಿ ಮೂರನೇ ಸ್ಟ್ರೈಕ್ ಬಿತ್ತು, ಚಾನೆಲ್ ಮಾಯ. ಫೋನ್ ಮಾಡಿದರೆ "ಯೂಟ್ಯೂಬ್‌ನವರು ತೆಗೆದರೆ ನಾನೇನು ಮಾಡ್ಲಿ ಸಾರ್?" ಅಂದ. ವಿವರಕ್ಕೆ ಅಂತ ತಗೊಂಡ ದುಡ್ಡಾದರೂ ವಾಪಸ್ ಕೊಡು ಅಂದೆ. "ಪೆನ್ ಡ್ರೈವ್ ಕೊಟ್ಟಿದ್ದೀನಲ್ಲ." ಈಗ ಫೋನೇ ಎತ್ತಲ್ಲ.

ನೀವು ಕೊಡೋದಾದರೆ ಮೊದಲು ಒಂದೇ ವಿಡಿಯೋ ಮಾಡಿಸಿ, ಫೋಲ್ಡರ್ ತೆಗೆದು ಜೊತೆಗೆ .info.json ಇದೆಯಾ ನೋಡಿ. ಇಲ್ಲದಿದ್ದರೆ ಎದ್ದು ಬನ್ನಿ. ಟಿವಿಗೆ ಬೇರೆ ಕಾಪಿ ಮಾಡಿಸಿ, ಮೂಲ ಫೋಲ್ಡರ್ ಮುಟ್ಟಲು ಬಿಡಬೇಡಿ.

ಈಗ ನಮಗೆ ಉಳಿದಿರೋದು ಹಳೆ ವಾಟ್ಸಾಪ್ ಮೆಸೇಜುಗಳು. ಹುಡುಗ ವಿಡಿಯೋ ಹಾಕಿದಾಗೆಲ್ಲ ಗ್ರೂಪಿಗೆ ಲಿಂಕ್ ಕಳಿಸ್ತಿದ್ದ. ವಿಡಿಯೋ ಹೋದರೂ ಲಿಂಕಿನ ಮೇಲಿನ ಆ ಸಣ್ಣ ಚಿತ್ರ, ಹೆಸರು ಚಾಟ್‌ನಲ್ಲಿ ಹಾಗೇ ಇದೆ. ಮೆಸೇಜಿನ ತಾರೀಕು ಅಂದಾಜಿಗೆ ಸಾಕು. ಒಂದೊಂದೇ ನೋಡಿ 001, 002 ಜೊತೆ ಹೊಂದಿಸುತ್ತಿದ್ದೇವೆ. ನನ್ನ ಫೋನಿನಲ್ಲಿ ಹಳೆಯದೆಲ್ಲ ಅಳಿಸಿಹೋಗಿದೆ. ನಮ್ಮ ಒಕ್ಕದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಲಿಂಕುಗಳ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ಮೆಸೇಜಿನ ತಾರೀಕು ಕಾಣೋ ಹಾಗೆ ತೆಗೀರಿ.