ಬಿಳಿಯಾದ ಅರ್ಧ ಎದೆ: ಶ್ವಾಸಕೋಶ ಕುಸಿದಿದೆಯೋ, ನೀರು ತುಂಬಿದೆಯೋ?

ಎದೆಯ ಎಕ್ಸ್-ರೇಯಲ್ಲಿ ಒಂದು ಪಕ್ಕ ಮೇಲಿಂದ ಕೆಳಗಿನವರೆಗೆ ಪೂರ್ತಿ ಬೆಳ್ಳಗಾಗಿದ್ದರೆ ಮೊದಲು ಎರಡು ಕಾರಣ ಯೋಚಿಸುತ್ತೇನೆ. ಒಂದು, ಶ್ವಾಸಕೋಶದ ಗಾಳಿ ಹೋಗಿ ಅದು ಕುಸಿದಿರುವ ಕೊಲ್ಯಾಪ್ಸ್. ಇನ್ನೊಂದು, ಶ್ವಾಸಕೋಶದ ಸುತ್ತ ನೀರು ತುಂಬಿರುವ ಪ್ಲೂರಲ್ ಎಫ್ಯೂಷನ್. ಗಾಳಿಯಿಲ್ಲದ ಶ್ವಾಸಕೋಶವಾಗಲಿ, ನೀರಾಗಲಿ, ಎಕ್ಸ್-ರೇಯಲ್ಲಿ ಒಂದೇ ಬಿಳುಪು. ಆದರೆ ಮುಂದೆ ಮಾಡುವ ಕೆಲಸ ಬೇರೆ ಬೇರೆ. ನೀರಾದರೆ ಸೂಜಿಯಿಂದಲೋ ಟ್ಯೂಬಿನಿಂದಲೋ ತೆಗೆಯಬೇಕು. ಕೊಲ್ಯಾಪ್ಸ್ ಆದರೆ ಗಾಳಿಯ ಕೊಳವೆ ಎಲ್ಲಿ ಕಟ್ಟಿದೆ ಎಂದು ನೋಡಬೇಕು. ಕುಸಿದ ಪಕ್ಕಕ್ಕೆ ಹೃದಯ ಸರಿದು, ವಪೆ ಮೇಲೇರಿ ಕೂತಿರುತ್ತದೆ. ನೀರು ಅಂದುಕೊಂಡು ಅಲ್ಲಿ ಸೂಜಿ ಹಾಕುವುದು ಅಪಾಯ.

ಇವೆರಡನ್ನು ಬೇರೆ ಮಾಡಿ ಗುರುತಿಸಲು ಎರಡು ದಾರಿಯಿದೆ, ಎರಡರಲ್ಲೂ ಫಿಲ್ಮ್ ಓದಿ ನೋಡಿದ್ದೇನೆ. ಒಂದು, ಬಿಳುಪಿನ ಅಂಚು ನೋಡುವುದು. ನಿಂತು ತೆಗೆದ ಫಿಲ್ಮಿನಲ್ಲಿ ನೀರು ಸ್ವಲ್ಪವೇ ಇದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳಗಿನ ಮೂಲೆ ಮುಚ್ಚಿಹೋಗಿ, ಬಿಳುಪಿನ ಮೇಲಂಚು ಹೊರಗಿನ ಗೋಡೆಯ ಕಡೆ ಬಾಗಿ ಏರಿರುತ್ತದೆ. ಆದರೆ ಇಡೀ ಪಕ್ಕ ಬಿಳಿಯಾದ ಮೇಲೆ ಅಂಚೇ ಉಳಿಯುವುದಿಲ್ಲ. ರೋಗಿ ಮಲಗಿದ್ದರೆ ನೀರು ಹಿಂದಕ್ಕೆ ಹರಡಿ, ಆ ಬಾಗು ಕಾಣದೆ ಸುಮ್ನೆ ಮಂಜು ಕವಿದಂತಿರುತ್ತದೆ.

ಎರಡನೆಯದು, ಆ ಪಕ್ಕದ ಜಾಗ ಕಡಿಮೆಯಾಗಿದೆಯೋ ಜಾಸ್ತಿಯಾಗಿದೆಯೋ ಎಂದು ನೋಡುವುದು. ನನ್ನ ಓಟು ಇದಕ್ಕೇ. ಕುಸಿದ ಶ್ವಾಸಕೋಶ ಸಣ್ಣದಾಗುತ್ತದೆ, ಅಕ್ಕಪಕ್ಕದ್ದನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ತುಂಬಾ ನೀರು ಸೇರಿದರೆ ಅದು ಎಲ್ಲವನ್ನೂ ಆಚೆ ತಳ್ಳುತ್ತದೆ.

ಎಡಪಕ್ಕ ಪೂರ್ತಿ ಬೆಳ್ಳಗಾದ ಒಂದು ಫಿಲ್ಮ್ ತೆಗೆದುಕೊಳ್ಳಿ. ಮೊದಲು ರೋಗಿ ನೇರವಾಗಿ ನಿಂತಿದ್ದಾರಾ ಎಂದು ನೋಡುತ್ತೇನೆ. ಎರಡೂ ಕಾಲರ್ ಮೂಳೆಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮ ದೂರದಲ್ಲಿರಬೇಕು. ಮೈ ತಿರುಗಿದ್ದರೆ ಶ್ವಾಸನಾಳ ಸರಿಯದೆಯೂ ಸರಿದಂತೆ ಕಾಣಬಹುದು. ಇಲ್ಲಿ ನೇರವಾಗಿದೆ. ಈಗ ಶ್ವಾಸನಾಳದ ಕಪ್ಪು ಕಂಬವನ್ನು ಕತ್ತಿನಿಂದ ಕೆಳಗೆ ಹಿಂಬಾಲಿಸಿ. ಅದು ಎಡಕ್ಕೆ, ಬಿಳುಪಿನ ಕಡೆಗೇ ವಾಲಿದೆ. ಹೃದಯದ ಬಲ ಅಂಚು ಬೆನ್ನುಮೂಳೆಯ ಮೇಲೆ ಬಂದು ಕೂತು ಕಾಣದಂತಾಗಿದೆ. ಎಡಗಡೆ ಪಕ್ಕೆಲುಬುಗಳ ನಡುವಿನ ಸಂದು ಬಲಕ್ಕಿಂತ ಕಿರಿದು. ಬಲ ಶ್ವಾಸಕೋಶ ಉಬ್ಬಿ ನಡುಗೆರೆ ದಾಟಿದೆ. ಎಡ ವಪೆಯ ಗೆರೆ ಬಿಳುಪಿನಲ್ಲಿ ಮುಳುಗಿದೆ, ಆದರೆ ಹೊಟ್ಟೆಯ ಗಾಳಿಗುಳ್ಳೆ ಮಾಮೂಲಿಗಿಂತ ಮೇಲೆ ಬಂದಿದೆ. ವಪೆ ಕಾಣದಿದ್ದಾಗ ಈ ಗುಳ್ಳೆ ತುಂಬಾ ಉಪಯೋಗಕ್ಕೆ ಬರುತ್ತದೆ. ಎಲ್ಲವೂ ಎಡಕ್ಕೆ ಎಳೆದಿರುವುದರಿಂದ ಇದು ಕೊಲ್ಯಾಪ್ಸ್. ಶ್ವಾಸನಾಳದಿಂದ ಎಡ ಶ್ವಾಸಕೋಶಕ್ಕೆ ಕವಲೊಡೆಯುವ ಕೊಳವೆಯ, ಅಂದರೆ ಎಡ ಮುಖ್ಯ ಬ್ರಾಂಕಸ್‌ನ, ಕಪ್ಪು ಗೆರೆ ತಟ್ಟನೆ ನಿಂತಿದ್ದರೆ ಕಟ್ಟಿರುವ ಜಾಗವೂ ಸಿಕ್ಕಿತು. ವೆಂಟಿಲೇಟರ್ ಮೇಲಿರುವ ರೋಗಿಯಾದರೆ ಉಸಿರಿನ ಟ್ಯೂಬಿನ ತುದಿಯನ್ನು ತಕ್ಷಣ ನೋಡಿ. ಅದು ಬಲ ಬ್ರಾಂಕಸ್‌ಗೆ ಇಳಿದಿದ್ದರೆ ಎಡ ಶ್ವಾಸಕೋಶ ಹೀಗೇ ಕುಸಿಯುತ್ತದೆ. ಟ್ಯೂಬನ್ನು ಸ್ವಲ್ಪ ಹಿಂದೆಳೆಯುವುದೇ ಮೊದಲ ಚಿಕಿತ್ಸೆ.

ಇದೇ ಬಿಳುಪು ನೀರಿನದಾಗಿದ್ದರೆ? ಶ್ವಾಸನಾಳ ಬಲಕ್ಕೆ ಹೋಗಿರುತ್ತಿತ್ತು. ಹೃದಯವೂ ಬಲಕ್ಕೆ. ಪಕ್ಕೆಲುಬುಗಳ ಸಂದು ಅಗಲವಾಗಿ, ಹೊಟ್ಟೆಯ ಗುಳ್ಳೆ ಕೆಳಗೆ ಇಳಿದಿರುತ್ತಿತ್ತು.

ಒಂದು ಮಾತು: ಹಿಂದೆಂದೋ ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸಕೋಶ ತೆಗೆಸಿಕೊಂಡವರ ಫಿಲ್ಮೂ ಕೊಲ್ಯಾಪ್ಸ್‌ನಂತೆಯೇ ಕಾಣುತ್ತದೆ. ಕೇಳಿಬಿಟ್ಟರೆ ಮುಗಿಯಿತು.

ನನಗೆ ಜಾಸ್ತಿ ಚಿಂತೆ ಹಚ್ಚುವುದು ಮೂರನೆಯ ಬಗೆಯ ಫಿಲ್ಮ್. ಇಡೀ ಪಕ್ಕ ಬಿಳಿ, ಆದರೆ ಶ್ವಾಸನಾಳ ನಡುವಿನಲ್ಲೇ ಇದೆ. ಅಷ್ಟು ನೀರಿದ್ದರೆ ಅದು ತಳ್ಳಲೇಬೇಕಲ್ವಾ? ತಳ್ಳಿಲ್ಲ ಅಂದರೆ ಒಳಗಿನಿಂದ ಯಾವುದೋ ಎಳೆಯುತ್ತಿರಬಹುದು. ದೊಡ್ಡ ಬ್ರಾಂಕಸ್ಸನ್ನು ಗಡ್ಡೆ ಮುಚ್ಚಿ ಶ್ವಾಸಕೋಶ ಕುಸಿದಿದೆ, ಜೊತೆಗೆ ಸುತ್ತ ನೀರೂ ಸೇರಿದೆ. ಎಳೆತ, ತಳ್ಳುವಿಕೆ ಒಂದಕ್ಕೊಂದು ವಜಾ ಆಗಿವೆ. ಕ್ಯಾನ್ಸರ್ ಹರಡಿ ನಡುಭಾಗ ಗಟ್ಟಿಯಾಗಿ ಅಂಟಿಕೊಂಡಿದ್ದರೂ, ಶ್ವಾಸಕೋಶದ ಹೊದಿಕೆಯಾದ ಪ್ಲೂರಾವೇ ದಪ್ಪಗಟ್ಟಿ ಹಿಡಿದುಕೊಂಡಿದ್ದರೂ ಹೀಗಾಗುತ್ತದೆ. ಬರೀ ನ್ಯುಮೋನಿಯಾದಲ್ಲೂ ಏನೂ ಸರಿಯದೆ ಇರಬಹುದು. ಆಗ ಬಿಳುಪಿನೊಳಗೆ ಬ್ರಾಂಕಸ್ ಕವಲುಗಳ ಕಪ್ಪು ಗೆರೆಗಳು ಕಾಣುವುದುಂಟು.

ಇಂಥ ಫಿಲ್ಮಿನಲ್ಲಿ ‘ದೊಡ್ಡ ಎಫ್ಯೂಷನ್’ ಎಂದಷ್ಟೇ ನಾನು ಬರೆಯುವುದಿಲ್ಲ. ಮೊದಲು ಅಲ್ಟ್ರಾಸೌಂಡ್ ಕೇಳುತ್ತೇನೆ. ನೀರು ಇದೆಯೋ ಇಲ್ಲವೋ, ಇದ್ದರೆ ಸೂಜಿಗೆ ಸುರಕ್ಷಿತ ಜಾಗ ಎಲ್ಲಿ ಎಂಬುದು ಹಾಸಿಗೆಯ ಪಕ್ಕದಲ್ಲೇ ಗೊತ್ತಾಗುತ್ತದೆ. ಆಮೇಲೆ ಸಿ.ಟಿ. ನೀರು ತೆಗೆದ ಮೇಲೂ ಶ್ವಾಸಕೋಶ ಅರಳದೆ, ಶ್ವಾಸನಾಳ ಬಿಳುಪಿನ ಕಡೆ ವಾಲಿದರೆ ಬ್ರಾಂಕಸ್ ಮುಚ್ಚಿರುವ ಶಂಕೆ ಬಲವಾಗುತ್ತದೆ. ಆಗ ಗಾಳಿಯ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯನ್ನು ಮುಂದೂಡಬಾರದು.